ಅಂಗಡಿ ಲಾಭವನ್ನು ಬಡಮಕ್ಕಳಿಗೇ ಕೊಟ್ಟರೂ ತೆರಿಗೆ ತಪ್ಪಲಿಲ್ಲ

ಶಾಲೆ ನಡೆಸುವ ಒಂದು ಟ್ರಸ್ಟಿನ ಲೆಕ್ಕ ನನ್ನ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಶಾಲೆಗೆ ಅಂಟಿಕೊಂಡೇ ಒಂದು ಪುಸ್ತಕದ ಅಂಗಡಿ. ಒಳಗಿನ ಕಿಟಕಿಯಲ್ಲಿ ಮಕ್ಕಳಿಗೆ ಪಠ್ಯಪುಸ್ತಕ, ರಸ್ತೆ ಕಡೆಯ ಬಾಗಿಲಲ್ಲಿ ಊರವರಿಗೆಲ್ಲ ಪೆನ್ನು, ಫೈಲು, ಗಿಫ್ಟು. ಎರಡಕ್ಕೂ ಒಂದೇ ಬಿಲ್ ಪುಸ್ತಕ. ಹಣವೆಲ್ಲ ಶಾಲೆಯ ಖಾತೆಗೆ.

"ಲಾಭವೆಲ್ಲ ಬಡಮಕ್ಕಳ ಫೀಸಿಗೇ ಹೋಗುತ್ತೆ, ತೆರಿಗೆ ಯಾಕೆ?" ಎಂದರು ಕಾರ್ಯದರ್ಶಿ. ಎಲ್ಲರೂ ಎಡವುವುದು ಇಲ್ಲೇ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 11(4ಎ) ಕಲಮು ಎರಡು ಷರತ್ತು ಹಾಕಿತ್ತು. ವ್ಯಾಪಾರ ಟ್ರಸ್ಟಿನ ಉದ್ದೇಶಕ್ಕೆ ಪೂರಕವಾಗಿರಬೇಕು, ಅದಕ್ಕೆ ಪ್ರತ್ಯೇಕ ಲೆಕ್ಕದ ಪುಸ್ತಕವೂ ಇರಬೇಕು. ಒಂದು ತಪ್ಪಿದರೂ ಆ ಲಾಭಕ್ಕೆ ವಿನಾಯಿತಿ ಇರಲಿಲ್ಲ.

ಲಾಭವನ್ನು ಉದ್ದೇಶಕ್ಕೆ ಬಳಸಿದರೆ ಸಾಕು ಎಂಬ ವಾದಕ್ಕೆ ಮೊದಲು ಸುಪ್ರೀಂ ಕೋರ್ಟಿನ 2001ರ ತಂತಿ ಟ್ರಸ್ಟ್ ತೀರ್ಪಿನ ಬಲವಿತ್ತು. ಆದರೆ 2022ರ ಅಕ್ಟೋಬರ್ 19ರಂದು ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆ ಬಿಗಿ ಮಾಡಿತು. ವಿದ್ಯಾರ್ಥಿಗಳಿಗೆ ಪುಸ್ತಕ ಮಾರುವುದು, ಬಸ್ಸು, ಹಾಸ್ಟೆಲು ಶಿಕ್ಷಣಕ್ಕೆ ಪೂರಕ. ದಾರಿಹೋಕರಿಗೆ ಗಿಫ್ಟು ಮಾರುವುದು ಹೇಗೆ ಪೂರಕ?

ಎರಡೂ ಕಡೆಯ ಲೆಕ್ಕವನ್ನು ಬೇರೆ ಮಾಡಿದೆ. ಏಪ್ರಿಲಿನಿಂದಿದ್ದ ಬಿಲ್ಲುಗಳನ್ನು ಕೂತು ವಿಂಗಡಿಸಿ ಎರಡು ಲೆಡ್ಜರಿಗೆ ಏರಿಸಿದೆವು. ಮುಂದಕ್ಕೆ ಎರಡು ಬಿಲ್ ಪುಸ್ತಕ, ಎರಡು ಸ್ಟಾಕ್ ರಿಜಿಸ್ಟರ್, ಪ್ರತ್ಯೇಕ ಬ್ಯಾಂಕ್ ಖಾತೆ.

ಜಗಳವಾದದ್ದು ಅಂಗಡಿ ನೋಡಿಕೊಳ್ಳುವವರ ಸಂಬಳಕ್ಕೆ, ವರ್ಷಕ್ಕೆ 2,40,000. ಎಲ್ಲವನ್ನೂ ಹೊರಗಿನ ಅಂಗಡಿಗೆ ಹಾಕಿದರೆ ಲಾಭ ಇಳಿಯುತ್ತೆ ಎಂಬುದು ಟ್ರಸ್ಟಿಗಳ ಆಸೆ. ನಾನು ಬಿಲ್ಲುಗಳ ಸಂಖ್ಯೆ ನೋಡಿದೆ. ಹೊರಗಿನವು ಎರಡು ಪಾಲು, ಒಳಗಿನವು ಒಂದು. ಹಾಗೇ ಹಂಚಿದೆ. ಹೊರಗೆ 30 ಲಕ್ಷದ ವ್ಯಾಪಾರ, ಸರಕಿನ ಬೆಲೆ 24 ಲಕ್ಷ, ಸಂಬಳ 1,60,000, ಕರೆಂಟು ಇತ್ಯಾದಿ 20,000. ಉಳಿದ 4,20,000ಕ್ಕೆ ವಿನಾಯಿತಿ ಕೇಳಲಿಲ್ಲ. ಅದನ್ನು ಫೀಸಿಗೆ ಕೊಟ್ಟದ್ದು ಖರ್ಚಾಗಿ ಕಳೆಯಲೂ ಬರುವುದಿಲ್ಲ, ಅದು ಲಾಭದ ಬಳಕೆ ಅಷ್ಟೇ. ಮಕ್ಕಳ ಕಡೆಯ 60,000 ಲಾಭ ವಿನಾಯಿತಿಯಲ್ಲೇ ಉಳಿಯಿತು.

ನನಗೆ ನಿಜವಾದ ಹೆದರಿಕೆ ಇದ್ದದ್ದು ತೆರಿಗೆಗಿಂತ ಜಾಸ್ತಿ, ಟ್ರಸ್ಟಿಗೆ ವಿನಾಯಿತಿ ಕೊಡಿಸುವ ನೋಂದಣಿಯದ್ದು. 2022ರಿಂದ ಪೂರಕವಲ್ಲದ ವ್ಯಾಪಾರದ ಆದಾಯ, ಇಲ್ಲವೇ ಪ್ರತ್ಯೇಕ ಲೆಕ್ಕವಿಲ್ಲದಿರುವುದು, ಅದೇ ಕಾಯ್ದೆಯ 12ಎಬಿ(4)ರ ಅಡಿ ನೋಂದಣಿ ರದ್ದಾಗಲೂ ಕಾರಣವಾಗಬಹುದಿತ್ತು. ಆಗ ಶಾಲೆಯ ಆದಾಯಕ್ಕೂ ಕುತ್ತು. ಅಂಗಡಿಗೆ ಒಂದು ಕಂಪನಿ ಮಾಡಿ ಟ್ರಸ್ಟಿನ ದುಡ್ಡು ಹಾಕೋಣ ಅಂದರು ಟ್ರಸ್ಟಿಗಳು. ಟ್ರಸ್ಟ್ ಹಣ ಹೂಡಬಹುದಾದ 11(5)ರ ಪಟ್ಟಿಯಲ್ಲಿ ಅದು ಬರುವುದಿಲ್ಲ, ಬೇಡ ಅಂದೆ. ಕೊನೆಗೆ ಮಾರ್ಚ್ 31ಕ್ಕೆ ರಸ್ತೆ ಕಡೆಯ ಬಾಗಿಲು ಮುಚ್ಚಿ, ಉಳಿದ ಸ್ಟಾಕ್ ಎಣಿಸಿ ಸಗಟು ವ್ಯಾಪಾರಿಗೆ ವಾಪಸ್ ಕಳಿಸಿದೆವು.