ಒಡವೆ ಬೇರೆ, ಹೂಡಿಕೆಯ ಚಿನ್ನ ಬೇರೆ: ಲೆಕ್ಕ ಹಾಕುವುದು ಹೀಗೆ

ಮೊದಲು ಮನೆಯ ಚಿನ್ನವನ್ನು ಎರಡು ಭಾಗ ಮಾಡಿ. ಹಾಕಿಕೊಳ್ಳುವ ಸರ, ಬಳೆ, ಮಾಂಗಲ್ಯ ಒಂದು ಕಡೆ. ಅವನ್ನು ಹೂಡಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ಕಷ್ಟಕ್ಕೆ ಅಡ ಇಡುತ್ತೇವೆಯೇ ಹೊರತು ಬೆಲೆ ಏರಿತೆಂದು ಯಾರೂ ಮಾಂಗಲ್ಯ ಮಾರುವುದಿಲ್ಲ, ಅಲ್ವಾ?

ಇನ್ನು ಹೂಡಿಕೆಗೆಂದೇ 1 ಲಕ್ಷ ರೂಪಾಯಿ ಇದೆ ಎಂದುಕೊಳ್ಳಿ. ಒಡವೆ ಕೊಂಡರೆ ಬಿಲ್ಲಿನಲ್ಲಿ ವೇಸ್ಟೇಜ್ ಮತ್ತು ಮಜೂರಿ ಸೇರುತ್ತದೆ. ಅದು ಶೇ 12 ಇದ್ದು, ಮೇಲೆ ಶೇ 3 ಜಿಎಸ್‌ಟಿ ಬಿದ್ದರೆ ಕೈಗೆ ಬರುವ ಚಿನ್ನದ ಬೆಲೆ ಸುಮಾರು 86,700 ರೂಪಾಯಿ ಮಾತ್ರ. ಚಿನ್ನದ ದರ ಶೇ 15ರಷ್ಟು ಏರಿದ ಮೇಲೆಯೇ ಹಾಕಿದ ಹಣ ಸಮ ಆಗುತ್ತದೆ. ಮಾರುವಾಗ ಅಂಗಡಿಯವರು ಕಳೆಯುವುದು ಬೇರೆ. ನಾಣ್ಯದಲ್ಲಿ ಮಜೂರಿ ಕಡಿಮೆ, ಆದರೆ ಜಿಎಸ್‌ಟಿ ತಪ್ಪುವುದಿಲ್ಲ.

ಮಗಳ ಮದುವೆಗೆಂದು ಹತ್ತು ವರ್ಷ ಮೊದಲೇ ಒಡವೆ ಮಾಡಿಸುವವರು ಇದನ್ನು ಗಮನಿಸಬೇಕು. ಮದುವೆ ಹೊತ್ತಿಗೆ ಡಿಸೈನ್ ಹಳತಾಯಿತೆಂದು ಕರಗಿಸಿದರೆ ಮಜೂರಿಯನ್ನು ಎರಡು ಸಲ ಕೊಟ್ಟಂತೆ.

ಆ 1 ಲಕ್ಷವನ್ನು, ಷೇರಿನಂತೆ ಪೇಟೆಯಲ್ಲಿ ಕೊಳ್ಳುವ ಗೋಲ್ಡ್ ಇಟಿಎಫ್‌ಗೆ ಹಾಕಿದರೆ ಜಿಎಸ್‌ಟಿಯೂ ಇಲ್ಲ, ಮಜೂರಿಯೂ ಇಲ್ಲ. ಫಂಡ್‌ನವರು ನಿಮ್ಮ ಪರವಾಗಿ ಶುದ್ಧ ಚಿನ್ನ ಇಟ್ಟುಕೊಂಡು ವರ್ಷಕ್ಕೆ ಒಂದಿಷ್ಟು ಶುಲ್ಕ ಕಳೆಯುತ್ತಾರೆ. ಅದು ಶೇ 0.5 ಇದ್ದರೆ ಮೊದಲ ವರ್ಷ ಸುಮಾರು 500 ರೂಪಾಯಿ. ಕೊಳ್ಳಲು ಡಿಮ್ಯಾಟ್ ಖಾತೆ ಬೇಕು. ಆರ್ಡರ್ ಹಾಕುವ ಮುನ್ನ ಫಂಡ್‌ನ ವೆಬ್‌ಸೈಟಿನಲ್ಲಿ ಐ-ಎನ್‌ಎವಿ ನೋಡಿ. ಒಂದು ಯೂನಿಟ್‌ನ ಹಿಂದಿರುವ ಚಿನ್ನಕ್ಕೆ ಆ ಹೊತ್ತಿನಲ್ಲಿ ಎಷ್ಟು ಬೆಲೆ ಎಂದು ಅದು ತಿಳಿಸುತ್ತದೆ. ಪೇಟೆ ಬೆಲೆ ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಆ ದಿನ ಸುಮ್ನೆ ಬಿಡಿ. ವ್ಯವಹಾರ ಕಡಿಮೆ ಇರುವ ಇಟಿಎಫ್‌ಗಳಲ್ಲಿ ಈ ತೊಂದರೆ ಹೆಚ್ಚು. ಡಿಮ್ಯಾಟ್ ಇಲ್ಲದವರು ಗೋಲ್ಡ್ ಫಂಡ್‌ನಲ್ಲಿ ಎಸ್‌ಐಪಿ ಮಾಡಬಹುದು, ಶುಲ್ಕ ತುಸು ಹೆಚ್ಚು. ಸರ್ಕಾರದ ಗೋಲ್ಡ್ ಬಾಂಡ್‌ನ ಕೊನೆಯ ಕಂತು ಬಂದದ್ದು 2024ರ ಫೆಬ್ರುವರಿಯಲ್ಲಿ. ಮೊಬೈಲ್ ಆ್ಯಪ್‌ಗಳ ‘ಡಿಜಿಟಲ್ ಗೋಲ್ಡ್’ ಸೆಬಿ ನಿಯಂತ್ರಣಕ್ಕೆ ಬರುವುದಿಲ್ಲ. ಅದನ್ನು ಇಟಿಎಫ್ ಎಂದು ತಿಳಿಯಬೇಡಿ.

ಎಷ್ಟು ಇರಬೇಕು? ಒಟ್ಟು ಹೂಡಿಕೆಯ ಶೇ 10 ಸಾಕು ಎಂಬುದು ನನ್ನ ಅಭಿಪ್ರಾಯ. ಚಿನ್ನಕ್ಕೆ ಬಡ್ಡಿಯೂ ಇಲ್ಲ, ಲಾಭಾಂಶವೂ ಇಲ್ಲ. 2012ರಲ್ಲಿ 10 ಗ್ರಾಂಗೆ 30 ಸಾವಿರದ ಆಸುಪಾಸಿನಲ್ಲಿದ್ದ ದರ 2018ರಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಷೇರು ಕುಸಿದಾಗ ಅನೇಕ ಸಲ ಚಿನ್ನ ಕೈಹಿಡಿಯುತ್ತದೆ, ಅದಕ್ಕಾಗಿ ಅದು ಬೇಕು.

ವರ್ಷಕ್ಕೊಮ್ಮೆ ಪಾಲು ಸರಿ ಮಾಡಿ. 10 ಲಕ್ಷದಲ್ಲಿ 1 ಲಕ್ಷ ಚಿನ್ನವಿತ್ತು. ಉಳಿದದ್ದು ಹಾಗೇ ಇದ್ದು ಚಿನ್ನ 1.6 ಲಕ್ಷವಾದರೆ ಅದರ ಪಾಲು ಶೇ 15 ದಾಟುತ್ತದೆ. ಆಗ 54 ಸಾವಿರದಷ್ಟು ಮಾರಿ ಷೇರು ಫಂಡ್ ಮತ್ತು ಠೇವಣಿಗೆ ಹಾಕಿ. ಇಟಿಎಫ್ ಕೊಂಡು 12 ತಿಂಗಳು ದಾಟಿದ್ದರೆ ಈಗಿನ ನಿಯಮದಂತೆ ಲಾಭದ ಮೇಲೆ ಶೇ 12.5 ತೆರಿಗೆ. ಅದಕ್ಕೂ ಮೊದಲು ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್‌ನಂತೆ ತೆರಿಗೆ ಬೀಳುತ್ತದೆ.