ಮೌನಕ್ಕೂ ಒಂದು ತಾರೀಖು ಬೇಕು

ಗಡಿ ವ್ಯಾಜ್ಯವೊಂದರಲ್ಲಿ ಒಂದು ದೇಶದ ಪರವಾಗಿ ವಾದಪತ್ರ ಬರೆಯುವ ತಂಡದಲ್ಲಿ ನಾನಿದ್ದೆ. ನಮ್ಮ ಕೈಲಿದ್ದದ್ದು ಒಂದು ಹಳೆಯ ನಕ್ಷೆ. ಅದರಲ್ಲಿ ಕಣಿವೆ ನಮ್ಮ ಕಕ್ಷಿದಾರ ದೇಶದ ಪಾಲಿಗಿತ್ತು. ನೆರೆದೇಶಕ್ಕೆ ಅದನ್ನು ಕಳಿಸಿಯಾಗಿತ್ತು, ದಶಕಗಟ್ಟಲೆ ಅವರು ತುಟಿ ಬಿಚ್ಚಿರಲಿಲ್ಲ. "ಮೌನಂ ಸಮ್ಮತಿ ಲಕ್ಷಣಂ, ಇನ್ನೇನು ಬೇಕು?" ಎಂದರು ತಂಡದ ಹಿರಿಯರು. ಆದರೆ ಎಲ್ಲ ಮೌನವೂ ಸಮ್ಮತಿಯಲ್ಲ. ಮಾತಾಡಬೇಕಾದ ಸಂದರ್ಭದಲ್ಲಿ, ಮಾತಾಡಲು ಸಾಧ್ಯವಿದ್ದೂ ಸುಮ್ಮನಿದ್ದವರ ಮೌನ ಮಾತ್ರ ಅಂತರರಾಷ್ಟ್ರೀಯ ಕಾನೂನಿನಲ್ಲಿ ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ನಾನು ಮಾದರಿಯಾಗಿ ಇಟ್ಟುಕೊಂಡದ್ದು ಪ್ರೆಯ ವಿಹಾರ್ ದೇಗುಲದ ಪ್ರಕರಣ. 1904ರ ಒಪ್ಪಂದದ ಪ್ರಕಾರ ಸಯಾಮ್, ಅಂದರೆ ಇಂದಿನ ಥಾಯ್ಲೆಂಡ್, ಮತ್ತು ಕಾಂಬೋಡಿಯಾ ಸೇರಿದ್ದ ಫ್ರೆಂಚ್ ಇಂಡೋಚೈನಾ ನಡುವಿನ ಗಡಿ ಆ ಭಾಗದಲ್ಲಿ ಜಲವಿಭಾಜಕ ರೇಖೆಯನ್ನು ಅನುಸರಿಸಬೇಕಿತ್ತು. ಫ್ರೆಂಚ್ ಅಧಿಕಾರಿಗಳು ತಯಾರಿಸಿದ ನಕ್ಷೆ ಮಾತ್ರ ದೇಗುಲವನ್ನು ಕಾಂಬೋಡಿಯಾದ ಕಡೆಗೆ ತೋರಿಸಿತು. 1908ರಲ್ಲಿ ಅದು ಬ್ಯಾಂಕಾಕ್ ತಲುಪಿದಾಗ ಆಂತರಿಕ ಮಂತ್ರಿ ರಾಜಕುಮಾರ ದಾಮ್ರೋಂಗ್ ಆಕ್ಷೇಪಿಸಲಿಲ್ಲ. ಧನ್ಯವಾದ ಹೇಳಿ, ಪ್ರಾಂತ್ಯಾಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿ ಕೇಳಿದರು. 1930ರಲ್ಲಿ ಅವರು ದೇಗುಲಕ್ಕೆ ಹೋದಾಗ ಸ್ವಾಗತಿಸಿದವರು ಫ್ರೆಂಚ್ ಅಧಿಕಾರಿ, ಅಲ್ಲಿ ಹಾರುತ್ತಿದ್ದದ್ದು ಫ್ರೆಂಚ್ ಬಾವುಟ. ಆಗಲೂ ಪ್ರತಿಭಟನೆಯಿಲ್ಲ. ಸಯಾಮ್‌ನವರು 1934-35ರ ತಮ್ಮದೇ ಸರ್ವೆಯಲ್ಲಿ ನಕ್ಷೆಯ ಗೆರೆಗೂ ಜಲವಿಭಾಜಕಕ್ಕೂ ತಾಳೆಯಾಗುವುದಿಲ್ಲವೆಂದು ತಿಳಿದ ಮೇಲೂ ಅದೇ ಗೆರೆಯಿದ್ದ ನಕ್ಷೆಗಳನ್ನು ಬಳಸುತ್ತಲೇ ಇದ್ದರು. ಮೊದಲಿಗೆ ಆ ನಕ್ಷೆಗೆ ಯಾವ ಬಂಧಕ ಶಕ್ತಿಯೂ ಇರಲಿಲ್ಲ ಎಂಬುದನ್ನು ಅಂತರರಾಷ್ಟ್ರೀಯ ನ್ಯಾಯಾಲಯವೂ ಒಪ್ಪಿತು. ಆದರೂ ಈ ನಡವಳಿಕೆಯಿಂದಲೇ ಥಾಯ್ಲೆಂಡ್ ಆ ಗೆರೆಯನ್ನು ಒಪ್ಪಿಕೊಂಡಂತಾಯಿತೆಂದು 1962ರಲ್ಲಿ 9–3 ಬಹುಮತದಿಂದ ತೀರ್ಪಿತ್ತಿತು.

ಆ 15 ಪ್ರತಿಗಳ ವಿಷಯ ಓದಿದಾಗಲೇ ನಮ್ಮ ಕಡತದ ಕೊರತೆ ನನಗೆ ಹೊಳೆದದ್ದು. ನಕ್ಷೆ ಕಳಿಸಿದ್ದಕ್ಕೆ ನಮ್ಮಲ್ಲಿ ಕಾಗದವಿತ್ತು, ಅದು ಯಾರ ಕೈ ಸೇರಿತು ಎನ್ನುವುದಕ್ಕೆ ಇರಲಿಲ್ಲ. ಹಾಗಾಗಿ ನಾಲ್ಕು ಕಲಂಗಳ ಒಂದು ಪಟ್ಟಿ ಮಾಡಿದೆ: ಏನು ತಿಳಿಸಲಾಯಿತು, ಯಾರಿಗೆ ಮುಟ್ಟಿತು, ಅವರು ಉತ್ತರಿಸಬೇಕಾದವರೇ, ಆಮೇಲೆ ಏನು ಮಾಡಿದರು. ಎರಡನೆಯ ಕಲಂ ತುಂಬಲು ರವಾನೆ ರಿಜಿಸ್ಟರ್ ತೆಗೆಸಿದೆ. ನಕ್ಷೆ ಹೋಗಿದ್ದು ನೆರೆದೇಶದ ವಿದೇಶಾಂಗ ಇಲಾಖೆಗಲ್ಲ, ಒಂದು ಸರ್ವೆ ಕಚೇರಿಗೆ, ತಾಂತ್ರಿಕ ವಿನಿಮಯವಾಗಿ. ದೇಶದ ಪರವಾಗಿ ಆಕ್ಷೇಪಿಸುವ ಅಧಿಕಾರ ಆ ಕಚೇರಿಗೆ ಇರಲಿಲ್ಲ. ಅದರ ಮೌನವನ್ನು ದೇಶದ ಮೌನವೆಂದು ವಾದಿಸಿದ್ದರೆ ಎದುರು ಪಕ್ಷ ಒಂದೇ ಪ್ಯಾರಾದಲ್ಲಿ ಅದನ್ನು ಕೆಡವುತ್ತಿತ್ತು. ಅದೇ ನಕ್ಷೆ ವಿದೇಶಾಂಗ ಮಟ್ಟದ ಮಾತುಕತೆಯಲ್ಲಿ ಮೇಜಿಗೆ ಬಂದದ್ದು ಹದಿನೇಳು ವರ್ಷ ತಡವಾಗಿ. ಅವರ ಮೌನದ ಗಡಿಯಾರ ಶುರುವಾಗಬೇಕಿದ್ದದ್ದು ಅಲ್ಲಿಂದ.

ಕರಡಿನಲ್ಲಿ ಎಸ್ಟಾಪೆಲ್‌ಗೆ ಒಂದು ಇಡೀ ಅಧ್ಯಾಯವಿತ್ತು. ಮೌನಸಮ್ಮತಿಗೂ ಅದಕ್ಕೂ ಇರುವ ಅಂತರ ಹೇಳಲು ಸುಲಭ, ಬರೆಯುವಾಗ ಮರೆಯುವುದೂ ಅಷ್ಟೇ ಸುಲಭ. ಮೌನಸಮ್ಮತಿಯಲ್ಲಿ ಎದುರಿನವರು ಒಪ್ಪಿದ್ದರು ಎಂದು ತೋರಿಸುತ್ತೇವೆ. ಎಸ್ಟಾಪೆಲ್‌ನಲ್ಲಿ ಅವರು ಒಪ್ಪಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ. ಅವರ ಸ್ಪಷ್ಟ ಮಾತು ಅಥವಾ ನಡತೆಯನ್ನು ನಂಬಿ ನಾವು ಹೆಜ್ಜೆಯಿಟ್ಟು ನಷ್ಟಕ್ಕೊಳಗಾದೆವು ಎಂದು ತೋರಿಸಬೇಕು. ಉತ್ತರ ಸಮುದ್ರದ ತಳದ ಹಂಚಿಕೆ ಕುರಿತ 1969ರ ಪ್ರಕರಣದಲ್ಲಿ ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್ ಜರ್ಮನಿಯ ವಿರುದ್ಧ ಹೂಡಿದ ಎಸ್ಟಾಪೆಲ್ ವಾದ ಬಿದ್ದದ್ದು ಇಲ್ಲಿಯೇ. ನಮ್ಮ ಕಕ್ಷಿದಾರ ದೇಶ ಆ ಕಣಿವೆಯಲ್ಲಿ ರಸ್ತೆ ಹಾಕಿರಲಿಲ್ಲ, ಯೋಜನೆ ಮಾಡಿರಲಿಲ್ಲ, ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ನಂಬಿ ಕೆಟ್ಟೆವು ಎನ್ನಲು ಕೆಟ್ಟದ್ದೇ ಏನೂ ಇರಲಿಲ್ಲ.

ಉಳಿದದ್ದು ನೆರೆದೇಶದ ಮಂತ್ರಿಯೊಬ್ಬರ ಪತ್ರಿಕಾ ಹೇಳಿಕೆ: ಜಂಟಿ ಸಮಿತಿ ಏನು ಹೇಳಿದರೂ ಒಪ್ಪುತ್ತೇವೆ. ಇದನ್ನು ಏಕಪಕ್ಷೀಯ ಘೋಷಣೆಯೆಂದು ಮಂಡಿಸಬೇಕೆಂದು ಕಿರಿಯ ಸಹೋದ್ಯೋಗಿಗಳು ಪಟ್ಟು ಹಿಡಿದರು. ಫ್ರಾನ್ಸ್ ವಾತಾವರಣದಲ್ಲಿ ಅಣುಪರೀಕ್ಷೆ ನಿಲ್ಲಿಸುವುದಾಗಿ ಬಹಿರಂಗವಾಗಿ ಹೇಳಿದ್ದನ್ನು ನ್ಯಾಯಾಲಯ 1974ರಲ್ಲಿ ಬಂಧಕವೆಂದದ್ದು ಅವರ ಆಧಾರ. ನಾನು ಅವರ ಮುಂದಿಟ್ಟದ್ದು ಇಂದಿನ ಬುರ್ಕಿನಾ ಫಾಸೊ ಜೊತೆಗಿನ ಗಡಿ ವ್ಯಾಜ್ಯದ ಬಗ್ಗೆ ಮಾಲಿಯ ಅಧ್ಯಕ್ಷರು 1975ರಲ್ಲಿ ಕೊಟ್ಟ ಸಂದರ್ಶನವನ್ನು. ಗಡಿರೇಖೆ ನಮ್ಮ ರಾಜಧಾನಿ ಬಮಾಕೊ ಮೂಲಕವೇ ಹಾದುಹೋಗುತ್ತದೆಂದು ಆಯೋಗ ತೀರ್ಮಾನಿಸಿದರೂ ಪಾಲಿಸುತ್ತೇವೆ ಎಂಬರ್ಥದಲ್ಲಿ ಅವರು ಹೇಳಿದ್ದರು. 1986ರಲ್ಲಿ ನ್ಯಾಯಪೀಠ ಅದನ್ನು ಬಂಧಕವೆನ್ನಲಿಲ್ಲ. ಫ್ರಾನ್ಸ್ ಇಡೀ ಜಗತ್ತನ್ನು ಉದ್ದೇಶಿಸಿ ಮಾತಾಡಿತ್ತು. ಮಾಲಿಗೆ ಎದುರಿದ್ದದ್ದು ಒಂದೇ ದೇಶ. ಬದ್ಧರಾಗುವ ಮನಸ್ಸಿದ್ದಿದ್ದರೆ ಇಬ್ಬರೂ ಕೂತು ಒಪ್ಪಂದ ಮಾಡಿಕೊಳ್ಳಲು ಅಡ್ಡಿಯೇನೂ ಇರಲಿಲ್ಲ. ನೆರೆದೇಶದ ಮಂತ್ರಿಯ ಹೇಳಿಕೆ ಎರಡನೆಯ ಜಾತಿಗೆ ಸೇರಿದ್ದು.

ಅಂತಿಮ ವಾದಪತ್ರದಲ್ಲಿ ಎಸ್ಟಾಪೆಲ್ ಅಧ್ಯಾಯ ಹೋಯಿತು. ಮಂತ್ರಿಯ ಹೇಳಿಕೆಯನ್ನು ಬಾಧ್ಯತೆಯಾಗಿ ಅಲ್ಲ, ಅವರ ನಿಲುವಿಗೆ ಪುರಾವೆಯಾಗಿ ಮಾತ್ರ ಬಳಸಿದೆವು. ಮೌನವನ್ನು ಮಾತುಕತೆಯ ದಿನದಿಂದ ಎಣಿಸಿದೆವು. ಹದಿನೇಳು ವರ್ಷ ಕಳೆದರೂ ಉಳಿದದ್ದು ಸಾಕಷ್ಟಿತ್ತು.