‘ನೋಡೋಣ ಬಿಡಿ’ ಅಂದವರಿಗೆ ಮತ್ತೆ ಫೋನ್ ಮಾಡಬೇಕಾ? ಗಾಡಿ ಇನ್ಶೂರೆನ್ಸ್ ರಿನ್ಯೂವಲ್‌ಗೆ ನಾನು ಬರೆದ ಸ್ಕ್ರಿಪ್ಟ್

ತುಮಕೂರಿನ ಒಂದು ಇನ್ಶೂರೆನ್ಸ್ ಏಜೆನ್ಸಿಯಲ್ಲಿ ನಾನು ಟೆಲಿಕಾಲರ್. ಈಗ ನಾಲ್ಕು ಜನರ ಟೀಮ್ ನೋಡಿಕೊಳ್ಳುತ್ತೇನೆ, ಜೊತೆಗೆ ನಾನೂ ದಿನಾ ಫೋನ್ ಮಾಡುತ್ತೇನೆ. ಕಾರು, ಬೈಕು, ಸ್ಕೂಟರ್ ಇನ್ಶೂರೆನ್ಸ್ ಮುಗಿಯೋ ಮೊದಲು ನೆನಪಿಸೋದು ನಮ್ಮ ಕೆಲಸ.

ಸೇರಿದ ದಿನ ನನ್ನ ಕೈಗೆ ಒಂದು ಹಾಳೆ ಕೊಟ್ಟಿದ್ದರು. “ಶುಭೋದಯ. ನಾನು ಶ್ರೀಯುತ ಇಂಥವರೊಂದಿಗೆ ಮಾತನಾಡುತ್ತಿದ್ದೇನೆಯೇ? ತಮ್ಮ ಅಮೂಲ್ಯ ವಾಹನದ ವಿಮಾ ಪಾಲಿಸಿಯು ನವೀಕರಣಕ್ಕೆ ಬಾಕಿಯಿದ್ದು...” ಅಂತ ಶುರುವಾಗುತ್ತಿತ್ತು. ‘ನವೀಕರಣ’ ಅನ್ನೋ ಪದಕ್ಕೆ ಬರೋಷ್ಟರಲ್ಲಿ ಎಷ್ಟೋ ಜನ ಫೋನ್ ಇಟ್ಟಿರುತ್ತಿದ್ದರು. ಅವರದ್ದು ತಪ್ಪಿಲ್ಲ. ಹಾಗೆ ಮಾತಾಡೋರು ನಮ್ಮ ಕಡೆ ಯಾರಿದ್ದಾರೆ? ಕೇಳಿದ ಕೂಡಲೇ ಇದು ಓದಿ ಹೇಳ್ತಿರೋದು, ಏನೋ ಮಾರೋಕೆ ಬಂದಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

ನಾನು ಮೊದಲು ಬದಲಾಯಿಸಿದ್ದು ಈ ಶುರುವಿನ ಮಾತನ್ನು. ಈಗ ನಾವು ಹೇಳೋದು ಇಷ್ಟು: “ನಮಸ್ಕಾರ ಸರ್, ತುಮಕೂರಿಂದ, ನಿಮ್ಮ ಗಾಡಿ ಇನ್ಶೂರೆನ್ಸ್ ಮಾಡಿಸಿದ್ರಲ್ಲ, ಆ ಆಫೀಸಿಂದ ಮಾತಾಡ್ತಿದೀನಿ.” ಇಲ್ಲಿ ಏಜೆನ್ಸಿ ಹೆಸರು, ನಮ್ಮ ಹೆಸರು ಬರುತ್ತದೆ. “ನಿಮ್ಮ ಸ್ಕೂಟರ್ ಇನ್ಶೂರೆನ್ಸ್ 18ನೇ ತಾರೀಕು ಮುಗಿಯುತ್ತೆ. ನೆನಪಿಸೋಣ ಅಂತ ಮಾಡಿದೆ. ಒಂದು ನಿಮಿಷ ಮಾತಾಡಬಹುದಾ?” ಯಾರು, ಯಾವ ಗಾಡಿ, ಯಾವ ತಾರೀಕು ಅನ್ನೋದು ಮೊದಲ ಉಸಿರಲ್ಲೇ ಮುಗಿಯಬೇಕು. ಆಮೇಲೆ ಅವರು ಫೋನ್ ಇಟ್ಟರೂ ನಾವು ಹೇಳಬೇಕಾದ್ದು ಅವರಿಗೆ ತಲುಪಿರುತ್ತದೆ. ಅನುಮಾನ ಪಟ್ಟರೆ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ ಹೇಳುತ್ತೇವೆ. ಒಟಿಪಿ ಕೇಳಲ್ಲ, ಫೋನಲ್ಲಿ ಕಾರ್ಡ್ ನಂಬರ್ ತಗೊಳ್ಳಲ್ಲ ಅಂತಲೂ ಹೇಳುತ್ತೇವೆ.

ತಾರೀಕು ಹೇಳೋಕೆ ಮುಂಚೆ ಒಂದು ಕೆಲಸ ಇದೆ. ಫೋನ್ ಮಾಡಬೇಕಾದವರ ಪಟ್ಟಿ ಇರೋ ಶೀಟಿನಲ್ಲಿ, ಮುಗಿಯುತ್ತಿರೋದು ಯಾವ ಇನ್ಶೂರೆನ್ಸ್ ಅಂತ ನೋಡಿಕೊಳ್ಳಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಗಾಡಿ ತಗೊಂಡರೆ, ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಸಿಗೋ ಥರ್ಡ್ ಪಾರ್ಟಿ ಭಾಗವನ್ನು ಮೊದಲೇ ಕಟ್ಟಿಸಿಕೊಳ್ಳುತ್ತಾರೆ, ಕಾರಿಗೆ 3 ವರ್ಷ, ಬೈಕು ಸ್ಕೂಟರಿಗೆ 5 ವರ್ಷ. ನಮ್ಮ ಗಾಡಿಗೇ ಆದ ಡ್ಯಾಮೇಜು, ಕಳ್ಳತನಕ್ಕೆ ಸಿಗೋ ಓನ್ ಡ್ಯಾಮೇಜ್ ಭಾಗ ಮಾತ್ರ ಎಷ್ಟೋ ಗಾಡಿಗಳಲ್ಲಿ ಒಂದೇ ವರ್ಷಕ್ಕೆ ಇರುತ್ತದೆ. ಅಂಥವರಿಗೆ ಫೋನ್ ಮಾಡಿದರೆ “ಐದು ವರ್ಷಕ್ಕೆ ಕಟ್ಟಿದೀನಲ್ಲಮ್ಮಾ” ಅನ್ನುತ್ತಾರೆ. ಅವರು ಹೇಳೋದು ನಿಜ. ಆಗ ನಮ್ಮ ಮಾತು: “ಹೌದು ಸರ್, ಥರ್ಡ್ ಪಾರ್ಟಿ ಇನ್ನೂ ಇದೆ, ಪೊಲೀಸರು ಹಿಡಿದರೂ ತೊಂದರೆ ಇಲ್ಲ. ನಿಮ್ಮ ಸ್ಕೂಟರಿಗೇ ಏನಾದ್ರೂ ಆದ್ರೆ ಸಿಗೋ ಭಾಗ ಮಾತ್ರ ಮುಗೀತಿದೆ. ಅದು ನಿಮ್ಮಿಷ್ಟ.” ಹಳೇ ಹಾಳೆಯಲ್ಲಿ ಎಲ್ಲರಿಗೂ ಒಂದೇ ಮಾತಿತ್ತು, ಕಟ್ಟದಿದ್ದರೆ ಫೈನ್ ಬೀಳುತ್ತದೆ ಅಂತ. ಥರ್ಡ್ ಪಾರ್ಟಿ ಇರೋ ಮನುಷ್ಯನಿಗೆ ಹಾಗೆ ಹೇಳೋದು ಸುಳ್ಳು. ಅಂಥ ಸುಳ್ಳು ಹೇಳಿ ಕಟ್ಟಿಸಿಕೊಂಡ ದುಡ್ಡು ನನಗೆ ಬೇಡ ಅಂತ ಮ್ಯಾನೇಜರ್ ಹತ್ತಿರ ನೇರವಾಗಿ ಹೇಳಿದೆ. ಆ ಸಾಲು ತೆಗೆಸೋಕೆ ಎರಡು ತಿಂಗಳು ಹಿಡಿಯಿತು.

ಇನ್ನೊಂದು ಪದ ನಮ್ಮನ್ನು ತುಂಬಾ ಕಾಡಿದ್ದು ‘ಬೋನಸ್’. ವರ್ಷವಿಡೀ ಕ್ಲೈಮ್ ಮಾಡದಿದ್ದರೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಕಡಿಮೆ ಮಾಡುತ್ತಾರೆ. ಮೊದಲ ವರ್ಷ 20 ಪರ್ಸೆಂಟ್, ಏರುತ್ತಾ ಹೋಗಿ 50 ಪರ್ಸೆಂಟ್‌ವರೆಗೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಅದೆಲ್ಲ ಹೋಗುತ್ತದೆ. ಪಾಲಿಸಿ ಕಾಗದದಲ್ಲಿ ಇದರ ಹೆಸರು ನೋ ಕ್ಲೈಮ್ ಬೋನಸ್. ನಾವು “ನಿಮಗೆ ಬೋನಸ್ ಇದೆ” ಅಂದರೆ ಜನ “ಯಾವಾಗ ಅಕೌಂಟಿಗೆ ಬರುತ್ತೆ?” ಅಂತ ಕೇಳುತ್ತಿದ್ದರು. ಬೋನಸ್ ಬಂದಿದೆ ಅಂತ ಮೋಸದ ಫೋನ್ ಮಾಡೋರ ಕಾಟವೂ ಇದೆ. ಹಾಗಾಗಿ ಆ ಪದವನ್ನೇ ಬಿಟ್ಟೆವು. “ಮೂರು ವರ್ಷ ಕ್ಲೈಮ್ ಮಾಡಿಲ್ವಲ್ಲ, ಅದಕ್ಕೆ 35 ಪರ್ಸೆಂಟ್ ಡಿಸ್ಕೌಂಟ್ ಇದೆ” ಅನ್ನುತ್ತೇವೆ. ಈಗ ಯಾರೂ ಅಕೌಂಟ್ ಕೇಳಲ್ಲ.

ಇಷ್ಟೆಲ್ಲ ಸರಿ ಮಾಡಿಕೊಂಡ ಮೇಲೂ ದೊಡ್ಡ ತೊಂದರೆ ಹಾಗೇ ಉಳಿದಿತ್ತು. ನಮ್ಮ ಜನ ‘ಬೇಡ’ ಅಂತ ಬಾಯಿ ಬಿಟ್ಟು ಹೇಳೋದು ಕಡಿಮೆ. “ನೋಡೋಣ ಬಿಡಿ”, “ಆಮೇಲೆ ಹೇಳ್ತೀನಿ”, “ಮನೇಲಿ ಕೇಳ್ತೀನಿ” ಅನ್ನುತ್ತಾರೆ. ಎದುರಿಗಿರೋ ಹುಡುಗಿಯ ಮನಸ್ಸಿಗೆ ಬೇಜಾರಾಗದಿರಲಿ ಅಂತ ಹಾಗೆ ಹೇಳೋದು. ನಾವು ಏನು ಮಾಡುತ್ತಿದ್ದೆವು ಗೊತ್ತಾ? ಶೀಟಿನಲ್ಲಿ ‘ಕಾಲ್ ಬ್ಯಾಕ್’ ಅಂತ ಹಾಕಿ, ನಾಳೆ, ನಾಡಿದ್ದು, ಆಚೆ ನಾಡಿದ್ದು ಫೋನ್ ಮಾಡುತ್ತಿದ್ದೆವು. ನಾಲ್ಕನೇ ಸಲಕ್ಕೆ ಅವರು ಬೈಯುತ್ತಿದ್ದರು. ಆಗ ‘ಕಸ್ಟಮರ್ ರೂಡ್’ ಅಂತ ಬರೆಯುತ್ತಿದ್ದೆವು. ಆದರೆ ಅವರು ಮರ್ಯಾದೆಯಿಂದ ಬೇಡ ಅಂದಿದ್ದು ಮೊದಲ ದಿನವೇ.

ಆದರೆ ಎಲ್ಲ ‘ನೋಡೋಣ’ವೂ ಬೇಡ ಅಲ್ಲ. ಕೆಲವರಿಗೆ ನಿಜವಾಗಿಯೂ ಆ ಹೊತ್ತಿಗೆ ಕೈಯಲ್ಲಿ ದುಡ್ಡಿರಲ್ಲ, ಇಲ್ಲ ಬಸ್ಸಲ್ಲಿ ನಿಂತಿರುತ್ತಾರೆ. ಯಾವುದು ಯಾವುದು ಅಂತ ದನಿ ಕೇಳಿ ಊಹೆ ಮಾಡೋದು ಬೇಡ, ಕೇಳೇಬಿಡೋಣ ಅಂತ ಒಂದು ಪ್ರಶ್ನೆ ಬರೆದೆ. “ಸರಿ ಸರ್. ನಾನೇ ಇನ್ನೊಂದು ಸಲ ಫೋನ್ ಮಾಡ್ಲಾ, ಇಲ್ಲ ಬೇಕು ಅನ್ನಿಸಿದಾಗ ನೀವೇ ಮಾಡ್ತೀರಾ?” ಮನಸ್ಸಿಲ್ಲದವರಿಗೆ ಈ ಪ್ರಶ್ನೆಯಲ್ಲಿ ಸುಲಭದ ದಾರಿ ಇದೆ. “ನಾನೇ ಮಾಡ್ತೀನಮ್ಮಾ” ಅಂದರೆ ಮುಗಿಯಿತು, ಆ ಸಾಲು ಕ್ಲೋಸ್. ಮನಸ್ಸಿರೋರು ತಾವೇ ದಿನ ಹೇಳುತ್ತಾರೆ.

ತಿಪಟೂರಿನ ಹತ್ತಿರದ ಒಬ್ಬ ಯಜಮಾನರ ಕರೆ ಹೇಳುತ್ತೇನೆ. ಕಾರಿಗೆ ನಾಲ್ಕು ವರ್ಷ, ಮೂರು ವರ್ಷದ ಥರ್ಡ್ ಪಾರ್ಟಿ ಮುಗಿದ ಮೇಲೆ ಎರಡೂ ಭಾಗ ಸೇರಿಸಿ ಮಾಡಿಸಿದ್ದರು. ಹನ್ನೆರಡು ದಿನದಲ್ಲಿ ಎರಡೂ ಮುಗಿಯುತ್ತಿತ್ತು. ಡಿಸ್ಕೌಂಟ್ ಇಲ್ಲದೆ ಓನ್ ಡ್ಯಾಮೇಜ್ ಪ್ರೀಮಿಯಂ ಸುಮಾರು 8,000. ಕಳೆದ ಮೂರು ವರ್ಷ ಕ್ಲೈಮ್ ಇಲ್ಲದ್ದಕ್ಕೆ 35 ಪರ್ಸೆಂಟ್, ಅಂದರೆ 2,800 ಕಡಿಮೆ. ತಾರೀಕು ಹೇಳಿದ ಕೂಡಲೇ ಅವರು, “ಕೊಬ್ಬರಿ ಇನ್ನೂ ಹಾಕಿಲ್ಲ ಕಣಮ್ಮಾ, ನೋಡೋಣ” ಅಂದರು. ನಾನು ಪ್ರಶ್ನೆ ಕೇಳಿದೆ. ಸ್ವಲ್ಪ ಸುಮ್ನಿದ್ದು, “ಮುಂದಿನ ಸೋಮವಾರ ಸಾಯಂಕಾಲ ಮಾಡು” ಅಂದರು. ಸೋಮವಾರ ಸಾಯಂಕಾಲ ಮಾಡಿದೆ. ಆಗ ಅವರು, “ನನ್ನ ಅಳಿಯ ಬೇರೆ ಕಡೆ ಮಾಡಿಸ್ತಾನಂತೆ, ಬೇಜಾರು ಮಾಡ್ಕೋಬೇಡ” ಅಂದರು.

ಹಳೇ ಹಾಳೆಯ ಪ್ರಕಾರ ನಾನು ಇಲ್ಲಿ “ಅವರು ಎಷ್ಟಕ್ಕೆ ಕೊಡ್ತಾರೆ ಸರ್?” ಅಂತ ಶುರು ಮಾಡಬೇಕಿತ್ತು. ಅದನ್ನು ನಾನು ಹೊಸ ಸ್ಕ್ರಿಪ್ಟಿನಿಂದ ತೆಗೆದಿದ್ದೇನೆ. ಬೇಡ ಅಂದ ಮೇಲೆ ನಮಗೆ ಒಂದೇ ವಾಕ್ಯ ಉಳಿಯುತ್ತದೆ. ಅದು ಅವರಿಗೆ ಉಪಯೋಗ ಆಗೋ ವಿಷಯ ಆಗಿರಬೇಕು, ಪ್ರಶ್ನೆ ಆಗಿರಬಾರದು. ಪ್ರಶ್ನೆ ಕೇಳಿದರೆ ಅವರು ಮತ್ತೆ ಉತ್ತರ ಕೊಡಬೇಕಾಗುತ್ತದೆ, ಮಾತು ಮತ್ತೆ ಬೆಳೆಯುತ್ತದೆ. ನಾನು ಹೇಳಿದ್ದು: “ಇಲ್ಲ ಸರ್, ಬೇಜಾರೇನಿಲ್ಲ. ನಿಮಗೆ 35 ಪರ್ಸೆಂಟ್ ಡಿಸ್ಕೌಂಟ್ ಇದೆ, ಬೇರೆ ಕಂಪನಿಯಲ್ಲೂ ಅದು ಸಿಗುತ್ತೆ, ಅಳಿಯನಿಗೆ ಹೇಳಿ. 23ನೇ ತಾರೀಕಿನ ಒಳಗೆ ಮಾಡಿಸಿಬಿಡಿ, ದಾಟಿದ್ರೆ ಗಾಡಿ ಇನ್ಸ್‌ಪೆಕ್ಷನ್ ಕೇಳ್ತಾರೆ.” ಅವರು “ಆಯ್ತಮ್ಮಾ” ಅಂದರು. ನಾನು ಫೋನ್ ಇಟ್ಟೆ. ಆ ಡಿಸ್ಕೌಂಟ್ ಮಾಲೀಕರದ್ದು, ನಮ್ಮ ಏಜೆನ್ಸಿಯದ್ದಲ್ಲ. ಅದನ್ನು ಮುಚ್ಚಿಟ್ಟು “ನಮ್ಮ ಹತ್ರ ಮಾಡಿಸಿದ್ರೆ ಮಾತ್ರ” ಅನ್ನೋ ಹಾಗೆ ಮಾತಾಡೋದು ನನಗೆ ಸರಿ ಕಾಣಲ್ಲ.

ಆ ಉಳಿದ ಒಂದು ವಾಕ್ಯ ಏನು ಅನ್ನೋದು ಅವರು ಯಾಕೆ ಬೇಡ ಅಂದರು ಅನ್ನೋದರ ಮೇಲೆ ಹೋಗುತ್ತದೆ. “ಗಾಡಿ ಮಾರಿಬಿಟ್ಟೆ” ಅಂದರೆ, “ಆರ್‌ಸಿ ಅವರ ಹೆಸರಿಗೆ ಆಗಿದ್ಯಾ ನೋಡ್ಕೊಳ್ಳಿ, ಆಗೋವರೆಗೂ ಆಕ್ಸಿಡೆಂಟ್ ಆದ್ರೆ ನಿಮ್ಮ ತಲೆಗೇ ಬರುತ್ತೆ” ಅನ್ನುತ್ತೇವೆ. ಈ ಮಾತಿಗೆ ಎಷ್ಟೋ ಜನ ಗಾಬರಿಯಾಗಿ ಥ್ಯಾಂಕ್ಸ್ ಹೇಳಿದ್ದಾರೆ. ಥರ್ಡ್ ಪಾರ್ಟಿಯೂ ಮುಗಿಯುತ್ತಿದ್ದು “ಇನ್ಶೂರೆನ್ಸೇ ಬೇಡ” ಅಂದರೆ, ಥರ್ಡ್ ಪಾರ್ಟಿ ಕಾನೂನಿನ ಪ್ರಕಾರ ಬೇಕೇ ಬೇಕು, ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ಫೈನ್ ಅಂತ ಒಂದೇ ಸಲ ಹೇಳುತ್ತೇವೆ. ಎಲ್ಲಿ ಮಾಡಿಸಬೇಕು ಅನ್ನೋದು ಅವರಿಗೆ ಬಿಟ್ಟಿದ್ದು. “ಇನ್ಮೇಲೆ ಫೋನೇ ಮಾಡಬೇಡಿ” ಅಂದರೆ ಮಾತ್ರ ಯಾವ ವಿಷಯವನ್ನೂ ಹೇಳೋ ಹಾಗಿಲ್ಲ. “ಸರಿ ಸರ್, ನಿಮ್ಮ ನಂಬರ್ ತೆಗೀತೀನಿ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.” ಅಷ್ಟೇ. ಯಾಕೆ ಅಂತ ಕೇಳಬಾರದು.

‘ತೆಗೀತೀನಿ’ ಅಂತ ಹೇಳಿದ್ದನ್ನು ನಿಜವಾಗಿ ತೆಗೆಯೋದರಲ್ಲಿ ನಾವು ಒಮ್ಮೆ ಕೆಟ್ಟದಾಗಿ ಎಡವಿದ್ದೇವೆ. ಗುಬ್ಬಿ ಕಡೆಯ ಒಬ್ಬರು ಕಾರಿನ ಕರೆಯಲ್ಲಿ ಫೋನ್ ಮಾಡಬೇಡಿ ಅಂದಿದ್ದರು. ಕಾರಿನ ಸಾಲಿನಲ್ಲಿ ಗುರುತು ಹಾಕಿದೆವು. ಮುಂದಿನ ತಿಂಗಳು ಅವರದ್ದೇ ಸ್ಕೂಟರಿನ ಸಾಲು ಇನ್ನೊಬ್ಬಳ ಶೀಟಿನಲ್ಲಿ ಬಂತು. ಅವಳಿಗೆ ಏನೂ ಗೊತ್ತಿಲ್ಲ, ನಗುನಗುತ್ತಾ ನಮಸ್ಕಾರ ಅಂದಳು. ಅವರು ಕೂಗಾಡಿದರು, ಅವಳು ಅತ್ತುಬಿಟ್ಟಳು. ಇಬ್ಬರಿಗೂ ನೋವು ಕೊಟ್ಟಿದ್ದು ನಮ್ಮ ಶೀಟು. ಅವತ್ತಿಂದ ಬೇಡ ಅನ್ನೋದನ್ನು ಪಾಲಿಸಿ ನಂಬರಿಗೆ ಅಲ್ಲ, ಫೋನ್ ನಂಬರಿಗೆ ಹಾಕುತ್ತೇವೆ. ಬೆಳಗ್ಗೆ ಶೀಟು ಹಂಚೋ ಮೊದಲು ಆ ನಂಬರ್‌ಗಳನ್ನು ನಾನೇ ಹುಡುಕಿ ತೆಗೆಯುತ್ತೇನೆ. ಅಂಥವರಿಗೆ ಪಾಲಿಸಿ ಮುಗಿಯೋ ತಾರೀಕಿನ ಪತ್ರ ಅಂಚೆಯಲ್ಲಿ ಹೋಗುತ್ತದೆ, ಫೋನ್ ಇಲ್ಲ.

ಬರೆಯೋದಕ್ಕೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಮುಂದಿನ ನಂಬರ್ ಒತ್ತೋ ಮೊದಲು ಕಸ್ಟಮರ್ ಹೇಳಿದ ಮಾತನ್ನು ಅವರದ್ದೇ ಪದದಲ್ಲಿ ಬರೆಯಬೇಕು. ‘ನಾಟ್ ಇಂಟರೆಸ್ಟೆಡ್’ ಅಂತ ಹಾಕಬಾರದು. “ಅಳಿಯ ಮಾಡಿಸ್ತಾನೆ”, “ಗಾಡಿ ಮಾರಿದೆ, ಆರ್‌ಸಿ ಆಗಿಲ್ಲ”, “ಆಸ್ಪತ್ರೇಲಿದೀನಿ” ಅಂತ ಬರೆಯಬೇಕು. ಆಸ್ಪತ್ರೆಯಲ್ಲಿದ್ದವರಿಗೆ ಮರುದಿನ ಫೋನ್ ಮಾಡಬಾರದು ಅಂತ ಯಾರಿಗೂ ಬೇರೆ ಹೇಳಿಕೊಡಬೇಕಿಲ್ಲ, ಆ ಸಾಲು ಓದಿದರೆ ಸಾಕು.

ಇನ್ನೂ ಸರಿಯಾಗದ್ದು ಇನ್ಸೆಂಟಿವ್. ರಿನ್ಯೂ ಆದ ಪಾಲಿಸಿಗೆ ಮಾತ್ರ ದುಡ್ಡು ಸಿಗುತ್ತದೆ. ಹಾಗಾಗಿ ತಿಂಗಳ ಕೊನೆಯ ವಾರ ಬಂದರೆ ‘ನೋಡೋಣ’ ಅಂದವರಿಗೆ ಇನ್ನೊಂದು ಸಲ ಮಾಡಿಬಿಡೋಣ ಅಂತ ಟೀಮಿನವರ ಕೈ ಫೋನಿನ ಕಡೆ ಹೋಗುತ್ತದೆ. ಸರಿಯಾದ ಕಾರಣ ಬರೆದು ಕ್ಲೋಸ್ ಮಾಡಿದ ಕರೆಗೂ ಸ್ವಲ್ಪ ಲೆಕ್ಕ ಕೊಡಿ ಅಂತ ಆಫೀಸಿನಲ್ಲಿ ಕೇಳುತ್ತಲೇ ಇದ್ದೇನೆ. ಅಲ್ಲಿವರೆಗೆ ಕೊನೆಯ ವಾರ ಕ್ಲೋಸ್ ಆದ ಸಾಲುಗಳನ್ನು ಶೀಟಿನಿಂದಲೇ ತೆಗೆದಿಟ್ಟಿರುತ್ತೇನೆ.